ಬಗ್ಗದ ನ್ಯುಮೋನಿಯಾಕ್ಕೆ ‘ಪವರ್’ ಮಾತ್ರೆ ಮದ್ದಲ್ಲ

ದಾಬಸ್‌ಪೇಟೆಯಂಥ ಊರಿನಲ್ಲಿ ಕೆಮ್ಮಿಗೆ ಕಾರಣ ಹುಡುಕಲು ಯಾರೂ ಕಷ್ಟಪಡಬೇಕಾಗಿಲ್ಲ. ತುಮಕೂರು ರಸ್ತೆಯ ಲಾರಿಗಳ ಹೊಗೆ, ಸೋಂಪುರ ಕೈಗಾರಿಕಾ ಪ್ರದೇಶದ ಧೂಳು, ಶಿವಗಂಗೆ ಕಡೆಯ ಬೆಳಗಿನ ಚಳಿಗಾಳಿ, ಯಾವುದನ್ನಾದರೂ ದೂರಬಹುದು. ಹಾಗಾಗಿ ಕೆಮ್ಮು ಒಂದು ವಾರ ಕಳೆದರೂ ಹೆಚ್ಚಿನವರು ತಲೆಕೆಡಿಸಿಕೊಳ್ಳುವುದಿಲ್ಲ. ಹತ್ತನೇ ದಿನಕ್ಕೆ ಮಾತ್ರ ಔಷಧದ ಅಂಗಡಿಯ ಮುಂದೆ ನಿಂತು, ‘ಅಣ್ಣಾ, ಆವಾಗ ಕೊಟ್ಟಿದ್ದು ಹಿಡೀಲಿಲ್ಲ, ಇನ್ನೂ ಪವರ್ ಇರೋದು ಕೊಡಿ’ ಎಂದು ಕೇಳುತ್ತಾರೆ.

ಈ ‘ಪವರ್’ ಎಂಬ ಮಾತಿನಲ್ಲಿಯೇ ತಪ್ಪು ತಿಳಿವಳಿಕೆಯೊಂದು ಅಡಗಿದೆ. ಆಂಟಿಬಯೋಟಿಕ್‌ಗಳೆಲ್ಲ ಒಂದೇ ಏಣಿಯ ಮೆಟ್ಟಿಲುಗಳು, ಕೆಳಗಿನದು ಸಾಲದಿದ್ದರೆ ಮೇಲಿನದನ್ನು ಹಿಡಿಯಬೇಕು ಎಂದು ನಾವು ಭಾವಿಸಿದ್ದೇವೆ. ಕೆಲವು ನ್ಯುಮೋನಿಯಾಗಳ ವಿಷಯದಲ್ಲಿ ಇದು ಪೂರ್ತಿ ಸುಳ್ಳು. ಅಲ್ಲಿ ಏಣಿಯ ತುದಿ ಮುಟ್ಟಿದರೂ ಪ್ರಯೋಜನವಿಲ್ಲ. ಬದಲಾಯಿಸಬೇಕಾದುದು ಔಷಧದ ಬಳಗವನ್ನೇ.

ಹೆಸರು ಬಂದ ಬಗೆ

ಸಾಮಾನ್ಯ ನ್ಯುಮೋನಿಯಾವನ್ನು ಹಳೆಯ ವೈದ್ಯರು ಬಾಗಿಲಲ್ಲೇ ಗುರುತಿಸುತ್ತಿದ್ದರು. ನಡುಕದೊಂದಿಗೆ ಏಕಾಏಕಿ ಏರುವ ಜ್ವರ, ಪಕ್ಕೆಯಲ್ಲಿ ಚುಚ್ಚುವ ನೋವು, ತುಕ್ಕಿನ ಬಣ್ಣದ ಕಫ, ಹಾಸಿಗೆ ಬಿಟ್ಟು ಏಳಲಾಗದ ಸುಸ್ತು ಅದರ ಗುರುತುಗಳು. ಇದಕ್ಕೆ ಮುಖ್ಯ ಕಾರಣ ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾ. 1938ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವೈದ್ಯ ಹೋಬಾರ್ಟ್ ರೈಮನ್ ಈ ಚಿತ್ರಕ್ಕೆ ಹೊಂದದ ಕೆಲವು ರೋಗಿಗಳ ಬಗ್ಗೆ ಬರೆದರು. ಅವರಲ್ಲಿ ಕಾಯಿಲೆ ನಿಧಾನವಾಗಿ ಶುರುವಾಗಿತ್ತು, ಕೆಮ್ಮು ಒಣದಾಗಿತ್ತು, ಎಂದಿನ ಬ್ಯಾಕ್ಟೀರಿಯಾ ಸಿಕ್ಕಿರಲಿಲ್ಲ. ಮಾದರಿಗೆ ಹೊಂದದ್ದರಿಂದ ಅದನ್ನು ‘ಎಟಿಪಿಕಲ್’ ಎಂದು ಕರೆದರು. ಕನ್ನಡದಲ್ಲಿ ‘ಅಸಾಮಾನ್ಯ ನ್ಯುಮೋನಿಯಾ’ ಎನ್ನಬಹುದು. ಆದರೆ ಇದು ಅಪರೂಪದ ಕಾಯಿಲೆ ಎಂದು ಯಾರೂ ತಿಳಿಯಬಾರದು. ಹೆಸರು ಹೇಳುವುದು ಅದರ ಚಹರೆಯನ್ನು, ಸಂಖ್ಯೆಯನ್ನಲ್ಲ.

ಇದಕ್ಕೆ ಕಾರಣವಾದ ಜೀವಿಗಳಲ್ಲಿ ಮೈಕೊಪ್ಲಾಸ್ಮಾ ಮುಖ್ಯವಾದುದು. ಮನ್ರೋ ಈಟನ್ ಎಂಬುವರು 1944ರಲ್ಲಿ ಇದರ ಸುಳಿವು ಹಿಡಿದಾಗ ಅದನ್ನು ವೈರಸ್ ಎಂದೇ ಭಾವಿಸಲಾಗಿತ್ತು. 1962ರಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದ ಮೇಲೆ ಅದೊಂದು ಅತಿ ಸಣ್ಣ ಬ್ಯಾಕ್ಟೀರಿಯಾ ಎಂಬುದು ಖಚಿತವಾಯಿತು.

2023ರ ನವೆಂಬರ್‌ನಲ್ಲಿ ಚೀನಾದ ಮಕ್ಕಳಲ್ಲಿ ನ್ಯುಮೋನಿಯಾ ಹೆಚ್ಚಿದ ಸುದ್ದಿ ಬಂದು, ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಎಚ್ಚರಿಕೆಯ ಪತ್ರ ಬರೆದುದು ಓದುಗರಿಗೆ ನೆನಪಿರಬಹುದು. ಕರ್ನಾಟಕದ ಆರೋಗ್ಯ ಇಲಾಖೆಯೂ ಆಗ ಜನರಿಗೆ ಸೂಚನೆ ಹೊರಡಿಸಿತ್ತು. ಅಲ್ಲಿ ಪತ್ತೆಯಾದ ಸೂಕ್ಷ್ಮಜೀವಿಗಳಲ್ಲಿ ಮೈಕೊಪ್ಲಾಸ್ಮಾ ಒಂದು. ಕೆಲವೇ ದಿನಗಳಲ್ಲಿ ದೆಹಲಿಯ ಏಮ್ಸ್‌ನಲ್ಲೂ ಏಳು ಪ್ರಕರಣ ಸಿಕ್ಕಿವೆ ಎಂದು ಗಾಬರಿ ಹಬ್ಬಿತು. ಅವು 2023ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅಧ್ಯಯನದಲ್ಲಿ ಸಿಕ್ಕವು, ಚೀನಾಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಸರ್ಕಾರ ಸ್ಪಷ್ಟಪಡಿಸಬೇಕಾಯಿತು. ಇದು ಹೊರಗಿನಿಂದ ಬಂದ ಹೊಸ ರೋಗವಲ್ಲ. ನಮ್ಮ ನಡುವೆಯೇ ಇರುವ ಹಳೆಯದು. ಹುಡುಕದಿದ್ದುದರಿಂದ ಕಾಣಿಸಿರಲಿಲ್ಲ, ಅಷ್ಟೆ.

ಗೋಡೆಯೇ ಇಲ್ಲದವನು, ಕಾವಲುಗಾರನ ಹೊಟ್ಟೆಯಲ್ಲಿ ಅಡಗಿದವನು

ಬಹುಪಾಲು ಬ್ಯಾಕ್ಟೀರಿಯಾಗಳ ಸುತ್ತ ಗಟ್ಟಿಯಾದ ಒಂದು ಗೋಡೆ ಇರುತ್ತದೆ. ಪೆನಿಸಿಲಿನ್ ಕೆಲಸ ಮಾಡುವುದು ಆ ಗೋಡೆಯ ಮೇಲೆ. ಬ್ಯಾಕ್ಟೀರಿಯಾ ಬೆಳೆಯುವಾಗ ಗೋಡೆ ಕಟ್ಟುವ ಕೆಲಸವನ್ನು ಅದು ಕೆಡಿಸುತ್ತದೆ. ಗೋಡೆ ಬಿರಿದು ಬ್ಯಾಕ್ಟೀರಿಯಾ ಸಾಯುತ್ತದೆ. ಅಮಾಕ್ಸಿಸಿಲಿನ್, ಅದಕ್ಕೆ ಕ್ಲಾವುಲನೇಟ್ ಸೇರಿಸಿದ ಮಾತ್ರೆ, ಸೆಫಿಕ್ಸಿಮ್, ಆಸ್ಪತ್ರೆಯಲ್ಲಿ ನರಕ್ಕೆ ಹಾಕುವ ಸೆಫ್ಟ್ರಿಯಾಕ್ಸೋನ್, ಇವೆಲ್ಲ ಇದೇ ಬಳಗದವು. ಬೆಲೆಯಲ್ಲಿ, ವ್ಯಾಪ್ತಿಯಲ್ಲಿ ವ್ಯತ್ಯಾಸವಿದ್ದರೂ ಹೊಡೆಯುವ ಜಾಗ ಒಂದೇ.

ಮೈಕೊಪ್ಲಾಸ್ಮಾಕ್ಕೆ ಆ ಗೋಡೆಯೇ ಇಲ್ಲ. ತೆಳುವಾದ ಪೊರೆಯೊಂದೇ ಅದರ ಮೈ. ಇಲ್ಲದ ಗೋಡೆಯನ್ನು ಕೆಡವುವುದು ಹೇಗೆ? ಈ ಬಳಗದ ಮಾತ್ರೆಯನ್ನು ದುಪ್ಪಟ್ಟು ಕೊಟ್ಟರೂ, ಮಾತ್ರೆ ಬಿಟ್ಟು ಇಂಜೆಕ್ಷನ್ ಹಾಕಿದರೂ ಅದಕ್ಕೆ ಏನೂ ಆಗುವುದಿಲ್ಲ.

ಲೀಜಿಯೊನೆಲ್ಲಾದ ಕತೆ ಬೇರೆ. 1976ರ ಜುಲೈನಲ್ಲಿ ಅದೇ ಫಿಲಡೆಲ್ಫಿಯಾದ ಬೆಲ್‌ವ್ಯೂ-ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಮಾಜಿ ಸೈನಿಕರ ‘ಅಮೆರಿಕನ್ ಲೀಜನ್’ ಸಂಘದ ಸಮಾವೇಶ ನಡೆಯಿತು. ಅಲ್ಲಿಗೆ ಸಂಬಂಧಿಸಿದಂತೆ ಒಟ್ಟು 221 ಮಂದಿ ಕಾಯಿಲೆ ಬಿದ್ದರು, 34 ಮಂದಿ ಸತ್ತರು. ತಿಂಗಳುಗಟ್ಟಲೆ ಹುಡುಕಿದ ಮೇಲೆ 1977ರ ಜನವರಿಯಲ್ಲಿ ಜೋಸೆಫ್ ಮೆಕ್‌ಡೇಡ್ ಮತ್ತು ಅವರ ಸಹೋದ್ಯೋಗಿಗಳು ಕಾರಣವಾದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದರು. ಆದರೆ ಜೀವಿ ಯಾವುದೆಂದು ತಿಳಿಯುವ ಮೊದಲೇ ರೋಗಿಗಳ ದಾಖಲೆಗಳು ಒಂದು ಪಾಠ ಹೇಳುತ್ತಿದ್ದವು. ಎರಿಥ್ರೊಮೈಸಿನ್ ಅಥವಾ ಟೆಟ್ರಾಸೈಕ್ಲಿನ್ ಸಿಕ್ಕವರಲ್ಲಿ ಸಾವು ಕಡಿಮೆಯಾಗಿತ್ತು.

ಲೀಜಿಯೊನೆಲ್ಲಾಕ್ಕೆ ಗೋಡೆ ಇದೆ. ಆದರೆ ಅದು ನಮ್ಮ ಶ್ವಾಸಕೋಶದ ಕಾವಲು ಕಣಗಳ ಒಳಗೇ ಹೋಗಿ ಕುಳಿತು ಅಲ್ಲಿಯೇ ಮರಿ ಹಾಕುತ್ತದೆ. ಪೆನಿಸಿಲಿನ್ ಬಳಗದ ಔಷಧಗಳು ಕಣದ ಒಳಕ್ಕೆ ಸಾಕಷ್ಟು ನುಗ್ಗಲಾರವು. ಜೊತೆಗೆ ಅವುಗಳನ್ನು ಮುರಿಯುವ ಕಿಣ್ವವೂ ಈ ಬ್ಯಾಕ್ಟೀರಿಯಾದ ಬಳಿ ಇದೆ. ಹೀಗೆ ಕಾರಣ ಬೇರೆಯಾದರೂ ಫಲ ಒಂದೇ.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ? ಗೋಡೆಯ ಗೊಡವೆಗೆ ಹೋಗದೆ ಬ್ಯಾಕ್ಟೀರಿಯಾದ ಒಳಗಿನ ಕೆಲಸವನ್ನು ನಿಲ್ಲಿಸುವ, ನಮ್ಮ ಕಣಗಳ ಒಳಕ್ಕೂ ಇಳಿಯುವ ಔಷಧಗಳು. ಅಜಿಥ್ರೊಮೈಸಿನ್ ಮತ್ತು ಡಾಕ್ಸಿಸೈಕ್ಲಿನ್ ಅದು ಪ್ರೋಟೀನು ತಯಾರಿಸದಂತೆ ತಡೆಯುತ್ತವೆ. ಲಿವೊಫ್ಲಾಕ್ಸಾಸಿನ್ ಅದರ ವಂಶವಾಹಿ ನಕಲಾಗದಂತೆ ಮಾಡುತ್ತದೆ. ಅಸಾಮಾನ್ಯ ನ್ಯುಮೋನಿಯಾಕ್ಕೆ ಮುಖ್ಯ ಆಯುಧಗಳು ಇವೇ.

ಒಂದು ಮನೆಯ ಉದಾಹರಣೆ

ಇದು ಮನೆಯಲ್ಲಿ ಹೇಗೆ ಕಾಣಿಸುತ್ತದೆ ಎಂಬುದಕ್ಕೆ ಒಂದು ಮಾದರಿ ಪ್ರಕರಣ ಇಟ್ಟುಕೊಳ್ಳೋಣ. ತಂದೆ ಕಾರ್ಖಾನೆಯ ನೌಕರ, ಎರಡು ಕೋಣೆಯ ಬಾಡಿಗೆ ಮನೆ, ಇಬ್ಬರು ಮಕ್ಕಳು. ಹತ್ತು ವರ್ಷದ, 30 ಕಿಲೋ ತೂಕದ ಹುಡುಗನಿಗೆ ಗಂಟಲು ನೋವು, ತಲೆನೋವು, ಸಣ್ಣ ಜ್ವರ ಶುರುವಾಗುತ್ತದೆ. ನಾಲ್ಕನೇ ದಿನ ಒಣಕೆಮ್ಮು ಸೇರುತ್ತದೆ. ಕ್ಲಿನಿಕ್ಕಿನಲ್ಲಿ ಅಮಾಕ್ಸಿಸಿಲಿನ್ ಕೊಡುತ್ತಾರೆ. ಇದರಲ್ಲಿ ತಪ್ಪಿಲ್ಲ. ಮಗುವಿನ ಪ್ರಾಣಕ್ಕೆ ಹೆಚ್ಚು ಅಪಾಯ ತರುವ ನ್ಯುಮೊಕಾಕಸ್‌ಗೆ ಅದೇ ಸರಿಯಾದ ಮೊದಲ ಔಷಧ.

ಏಳನೇ ದಿನವೂ ಜ್ವರ ಇಳಿದಿಲ್ಲ. ಈಗ ಅಂಗಡಿಯಿಂದ ಸೆಫಿಕ್ಸಿಮ್ ಬರುತ್ತದೆ. ಹತ್ತನೇ ದಿನ ಮೂರು ಇಂಜೆಕ್ಷನ್ ಶುರುವಾಗುತ್ತದೆ. ಹುಡುಗ ರಾತ್ರಿಯೆಲ್ಲ ಕೆಮ್ಮುತ್ತಾನೆ, ಆದರೆ ಹಗಲು ಓಡಾಡಿಕೊಂಡೇ ಇದ್ದಾನೆ. ಹನ್ನೆರಡನೇ ದಿನ ಎಕ್ಸ್‌ರೇ ತೆಗೆದರೆ ಬಲಗಡೆಯ ಕೆಳಭಾಗದಲ್ಲಿ ಮಚ್ಚೆ ಮಚ್ಚೆ ನೆರಳು. ರಕ್ತದಲ್ಲಿ ಬಿಳಿಕಣಗಳ ಸಂಖ್ಯೆ 8,000, ಅಂದರೆ ಸಹಜ. ವೈದ್ಯರು ಈಗ ಕೇಳುವ ಒಂದು ಪ್ರಶ್ನೆ ಎಲ್ಲ ಪರೀಕ್ಷೆಗಳಿಗಿಂತ ಹೆಚ್ಚು ಹೇಳುತ್ತದೆ. ‘ಮನೆಯಲ್ಲಿ ಇನ್ಯಾರಿಗಾದರೂ ಹೀಗೆ ಆಗಿತ್ತೇನಮ್ಮ?’ ಅಕ್ಕನಿಗೆ ಮೂರು ವಾರದ ಹಿಂದೆ ಇಂಥದೇ ಕೆಮ್ಮು ಬಂದಿತ್ತು.

ಶೀತ, ಫ್ಲೂ ಮನೆಯೊಳಗೆ ಎರಡು ಮೂರು ದಿನಗಳಲ್ಲಿ ಒಬ್ಬರಿಂದೊಬ್ಬರಿಗೆ ಹಾರುತ್ತವೆ. ಮೈಕೊಪ್ಲಾಸ್ಮಾ ನಿಧಾನಿ. ಒಬ್ಬರಿಂದ ಇನ್ನೊಬ್ಬರಿಗೆ ಬಂದು ಲಕ್ಷಣ ತೋರಲು ಸಾಮಾನ್ಯವಾಗಿ ಎರಡು ಮೂರು ವಾರ ಹಿಡಿಯುತ್ತದೆ. ಶಾಲೆಗೆ ಹೋಗುವ ವಯಸ್ಸು, ನಿಧಾನವಾದ ಆರಂಭ, ಒಣಕೆಮ್ಮು, ಮಗುವಿನ ಮುಖಕ್ಕಿಂತ ಕೆಟ್ಟದಾಗಿ ಕಾಣುವ ಎಕ್ಸ್‌ರೇ, ವಾರಗಳ ಅಂತರದಲ್ಲಿ ಮನೆಯವರ ಕೆಮ್ಮು, ಗೋಡೆ ಕೆಡಿಸುವ ಔಷಧಕ್ಕೆ ಬಗ್ಗದಿರುವುದು, ಇವೆಲ್ಲ ಒಟ್ಟಿಗೆ ಸೇರಿದಾಗ ಅನುಮಾನ ಬಲವಾಗುತ್ತದೆ. ಕೆಲವರಿಗೆ ಮೈಮೇಲೆ ದದ್ದು, ಬಾಯಿಹುಣ್ಣು ಕೂಡ ಬರಬಹುದು. ಒಂದೊಂದೇ ಲಕ್ಷಣವನ್ನು ಹಿಡಿದು ಮಾತ್ರ ತೀರ್ಮಾನಕ್ಕೆ ಬರುವಂತಿಲ್ಲ. ವೈರಸ್‌ನಿಂದ ಬಂದ ನ್ಯುಮೋನಿಯಾವೂ ಹೀಗೆಯೇ ನಟಿಸಬಲ್ಲದು.

ಈ ಹುಡುಗನಿಗೆ ವೈದ್ಯರು ಅಜಿಥ್ರೊಮೈಸಿನ್ ಬರೆಯುತ್ತಾರೆ. ಮೊದಲ ದಿನ ಕಿಲೋಗೆ 10 ಮಿಲಿಗ್ರಾಂನಂತೆ 300, ಮುಂದಿನ ನಾಲ್ಕು ದಿನ ಅದರ ಅರ್ಧ, 150 ಮಿಲಿಗ್ರಾಂ. ಎರಡು ದಿನದಲ್ಲಿ ಜ್ವರ ಇಳಿಯುತ್ತದೆ. ಕೆಮ್ಮು ಪೂರ್ತಿ ಹೋಗಲು ಇನ್ನೂ ಮೂರು ವಾರ ಬೇಕಾಗಬಹುದು. ಉರಿದ ಶ್ವಾಸನಾಳ ಮಾಯಲು ಅಷ್ಟು ಕಾಲ ಬೇಕು. ಜ್ವರವಿಲ್ಲದೆ ಉಳಿದ ಆ ಕೆಮ್ಮಿಗೆ ಮತ್ತೊಂದು ಆಂಟಿಬಯೋಟಿಕ್ ಬೇಕಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಮೈಕೊಪ್ಲಾಸ್ಮಾ ಕಾಯಿಲೆ ಎಷ್ಟೋ ಮಕ್ಕಳಲ್ಲಿ ಔಷಧವಿಲ್ಲದೆಯೂ ತಾನಾಗಿ ಇಳಿಯುತ್ತದೆ. ಹಾಗಾಗಿ ಎರಡನೇ ವಾರದಲ್ಲಿ ಯಾವ ಮದ್ದು ಕೊಟ್ಟಿದ್ದರೋ ಅದಕ್ಕೆ ಹೆಸರು ಬರುತ್ತದೆ. ‘ನಮ್ಮ ಹುಡುಗನಿಗೆ ಆ ಇಂಜೆಕ್ಷನ್ನೇ ಆಗಿಬಂತು’ ಎಂಬ ಮಾತು ಊರಲ್ಲಿ ಹುಟ್ಟುವುದು ಹೀಗೆಯೇ. ಮುಂದಿನ ಸಲ ಬೇರೆ ಮಗುವಿಗೂ ಅದೇ ಇಂಜೆಕ್ಷನ್ ಬೇಕೆಂದು ಹಟ ಹಿಡಿಯುತ್ತೇವೆ.

ಲೀಜಿಯೊನೆಲ್ಲಾ ಬೇರೆ ಥರದ ಮನುಷ್ಯನನ್ನು ಹಿಡಿಯುತ್ತದೆ

ಲೀಜಿಯೊನೆಲ್ಲಾ ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ನೀರಿನಿಂದ ಬರುತ್ತದೆ. ಉಗುರುಬೆಚ್ಚಗಿನ, ಪಾಚಿಗಟ್ಟಿದ, ಹರಿಯದೆ ನಿಂತ ನೀರು ಅದಕ್ಕೆ ಹಿತ. ಆ ನೀರು ಸಣ್ಣ ಹನಿಗಳಾಗಿ ಗಾಳಿಗೆ ಸೇರಿ ಉಸಿರಿನೊಡನೆ ಒಳಹೋಗಬೇಕು. ದೊಡ್ಡ ಕಟ್ಟಡ, ಕಾರ್ಖಾನೆಗಳ ಕೂಲಿಂಗ್ ಟವರ್, ಬಹಳ ದಿನ ಬಳಸದ ಷವರ್, ಆಸ್ಪತ್ರೆ ಹೋಟೆಲುಗಳ ಬಿಸಿನೀರಿನ ಕೊಳವೆಗಳ ಮೇಲೆ ಕಣ್ಣಿಡುವುದು ಅದಕ್ಕಾಗಿಯೇ. ಮನೆಯ ಗೋಡೆಗೆ ಹಾಕುವ ಎ.ಸಿ. ಯಂತ್ರ ನೀರನ್ನು ಚಿಮ್ಮಿಸುವುದಿಲ್ಲ, ಅದನ್ನು ದೂರುವುದು ಬೇಡ. ಕೈಗಾರಿಕಾ ಪ್ರದೇಶದಲ್ಲಿ ಕೂಲಿಂಗ್ ಟವರ್ ನೋಡಿಕೊಳ್ಳುವ ನೌಕರರಿಗೆ ಮಾತ್ರ ಈ ಜೀವಿಯ ಹೆಸರು ಗೊತ್ತಿರಬೇಕು. ಟವರ್ ತೊಳೆಯುವ ದಿನ ಸರಿಯಾದ ಮುಖಗವಸು ಕೇಳುವುದು ಅವರ ಹಕ್ಕು.

ಇದು ಮುಖ್ಯವಾಗಿ ಐವತ್ತು ದಾಟಿದವರು, ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆಯವರು, ರೋಗನಿರೋಧಕ ಶಕ್ತಿ ಕುಂದಿದವರನ್ನು ಹಿಡಿಯುತ್ತದೆ. ಸೋಂಕು ತಗುಲಿದ ಎರಡರಿಂದ ಹದಿನಾಲ್ಕು ದಿನಗಳೊಳಗೆ ಜೋರು ಜ್ವರ, ಕೆಮ್ಮು, ಅದರೊಂದಿಗೆ ಭೇದಿ, ಗೊಂದಲದ ಮಾತು ಕಾಣಿಸಬಹುದು. ರಕ್ತದಲ್ಲಿ ಸೋಡಿಯಂ ಇಳಿದಿರಬಹುದು. ಜ್ವರ ಬಂದವರಿಗೆ ಭೇದಿ ಮತ್ತು ಬಡಬಡಿಕೆ ಕಂಡರೆ ನಮ್ಮಲ್ಲಿ ಮೊದಲು ಟೈಫಾಯ್ಡ್ ಎನ್ನುವುದು ವಾಡಿಕೆ. ಎದೆಯ ಎಕ್ಸ್‌ರೇ ತೆಗೆಯದೆ ಆ ಮಾತು ಆಡಬಾರದು. ಇದು ಓಡಾಡಿಕೊಂಡಿದ್ದು ಕಳೆಯುವ ಕಾಯಿಲೆಯಲ್ಲ; ಆಸ್ಪತ್ರೆ ಬೇಕು. ಲಿವೊಫ್ಲಾಕ್ಸಾಸಿನ್ ಅಥವಾ ಅಜಿಥ್ರೊಮೈಸಿನ್ ತಡಮಾಡದೆ ಸಿಗಬೇಕು.

ಯಾವ ಪರೀಕ್ಷೆ, ಎಷ್ಟು ನಂಬಿಕೆ

ಕಫವನ್ನು ಬಣ್ಣ ಹಾಕಿ ನೋಡುವ ಗ್ರಾಂ ಪರೀಕ್ಷೆಯಲ್ಲಿ ಮೈಕೊಪ್ಲಾಸ್ಮಾ ಕಾಣುವುದಿಲ್ಲ. ಬಣ್ಣ ಹಿಡಿಯಲು ಗೋಡೆಯೇ ಇಲ್ಲ. ಅದನ್ನು ಬೆಳೆಸಿ ನೋಡಲು ವಾರಗಳೇ ಬೇಕು. ಹೀಗಾಗಿ ಪ್ರಯೋಗಾಲಯಗಳು ಹೆಚ್ಚಾಗಿ ಮಾಡುವುದು ರಕ್ತದ ಐಜಿಎಂ ಪರೀಕ್ಷೆ. ವಿಡಾಲ್ ಪರೀಕ್ಷೆಯ ಚೀಟಿ ಹಿಡಿದು ಟೈಫಾಯ್ಡ್ ಎಂದು ನಂಬಿದ ಎಲ್ಲರೂ ಇದರ ಮಿತಿಯನ್ನು ತಿಳಿಯಬೇಕು. ಐಜಿಎಂ ಕಾಣಿಸಿಕೊಳ್ಳಲು ಸುಮಾರು ಒಂದು ವಾರ ಬೇಕು, ಒಮ್ಮೆ ಬಂದರೆ ತಿಂಗಳುಗಟ್ಟಲೆ ಉಳಿಯಬಹುದು. ಮೂರನೇ ದಿನದ ‘ನೆಗೆಟಿವ್’ ಕಾಯಿಲೆ ಇಲ್ಲ ಎನ್ನುವುದಿಲ್ಲ. ‘ಪಾಸಿಟಿವ್’ ಬಂದರೆ ಅದು ಹೋದ ತಿಂಗಳಿನ ಸೋಂಕೂ ಆಗಿರಬಹುದು. ಎರಡು ಮೂರು ವಾರದ ಅಂತರದಲ್ಲಿ ಎರಡು ಸಲ ರಕ್ತ ಪರೀಕ್ಷಿಸಿ ನಾಲ್ಕು ಪಟ್ಟು ಏರಿಕೆ ಕಂಡರೆ ಪುರಾವೆ ಗಟ್ಟಿ, ಆದರೆ ಅಷ್ಟರಲ್ಲಿ ಹುಡುಗ ಶಾಲೆಗೆ ಹೋಗುತ್ತಿರುತ್ತಾನೆ.

ಗಂಟಲಿನ ದ್ರವದ ಪಿಸಿಆರ್ ಪರೀಕ್ಷೆ ಈಗ ಇರುವುದರಲ್ಲಿ ಉತ್ತಮ. ಕೊರೊನಾ ಕಾಲದಲ್ಲಿ ಈ ಹೆಸರು ಎಲ್ಲರಿಗೂ ಪರಿಚಯವಾಗಿದೆ. ಆದರೆ ಕಾಯಿಲೆಯಿಲ್ಲದ ಕೆಲವು ಮಕ್ಕಳ ಗಂಟಲಲ್ಲೂ ಮೈಕೊಪ್ಲಾಸ್ಮಾ ಸುಮ್ಮನೆ ಕುಳಿತಿರುತ್ತದೆ. ಇದರ ಬೆಲೆಯೂ ಹೆಚ್ಚು. ಆದ್ದರಿಂದ ಆಸ್ಪತ್ರೆ ಸೇರುವಷ್ಟು ಕಾಯಿಲೆಯವರಿಗೆ ಇದನ್ನು ಮೀಸಲಿಡುವುದು ಲೇಸು. ಓಡಾಡಿಕೊಂಡಿರುವ ಮಗುವಿಗೆ ವೈದ್ಯರ ಲಕ್ಷಣಜ್ಞಾನವೇ ಸಾಕು.

ಲೀಜಿಯೊನೆಲ್ಲಾಕ್ಕೆ ಮೂತ್ರದ ಪರೀಕ್ಷೆಯೊಂದಿದೆ. ಫಲಿತಾಂಶ ಒಂದು ಗಂಟೆಯೊಳಗೇ ಸಿಗುತ್ತದೆ. ಆದರೆ ಅದು ಹಿಡಿಯುವುದು ಮುಖ್ಯವಾಗಿ ಲೀಜಿಯೊನೆಲ್ಲಾದ ಒಂದೇ ಪಂಗಡವನ್ನು, ಸೀರೋಗ್ರೂಪ್ ಒಂದನ್ನು. ‘ಪಾಸಿಟಿವ್’ ಬಂದರೆ ನಂಬಬಹುದು. ‘ನೆಗೆಟಿವ್’ ಬಂದಿತೆಂದು ಔಷಧ ನಿಲ್ಲಿಸುವಂತಿಲ್ಲ. ಕಫದ ಪಿಸಿಆರ್ ಮಾಡಿಸಬೇಕು. ತೀವ್ರ ನ್ಯುಮೋನಿಯಾದಲ್ಲಿ ವೈದ್ಯರು ಪರೀಕ್ಷೆಗೆ ಕಾಯದೆ ಎರಡೂ ಬಳಗದ ಔಷಧವನ್ನು ಒಟ್ಟಿಗೆ ಕೊಡುವುದು ಇದೇ ಕಾರಣಕ್ಕೆ. ‘ಯಾಕೆ ಎರಡೆರಡು ಆಂಟಿಬಯೋಟಿಕ್?’ ಎಂದು ಅಲ್ಲಿ ಮನೆಯವರು ಅನುಮಾನ ಪಡಬೇಕಾಗಿಲ್ಲ.

ಹಾಗೆಂದು ಅಜಿಥ್ರೊಮೈಸಿನ್ ಕಡಲೆಪುರಿಯಲ್ಲ

ಇಷ್ಟು ಓದಿ ಮುಂದಿನ ಕೆಮ್ಮಿಗೆ ನೇರವಾಗಿ ಅಜಿಥ್ರೊಮೈಸಿನ್ ಕೊಂಡರೆ ಈ ಬರಹ ಉಪಕಾರಕ್ಕಿಂತ ಅಪಕಾರ ಮಾಡಿದಂತಾಗುತ್ತದೆ. ಕೆಮ್ಮು ನೆಗಡಿಗಳಲ್ಲಿ ಬಹುಪಾಲು ವೈರಸ್‌ನವು. ಅವಕ್ಕೆ ಯಾವ ಆಂಟಿಬಯೋಟಿಕ್ಕೂ ನಾಟುವುದಿಲ್ಲ. ಚೀನಾದಲ್ಲಿ ಮಕ್ಕಳಿಂದ ಸಿಕ್ಕ ಮೈಕೊಪ್ಲಾಸ್ಮಾಗಳಲ್ಲಿ ಬಹುಪಾಲು ಈಗ ಅಜಿಥ್ರೊಮೈಸಿನ್‌ಗೆ ಬಗ್ಗುತ್ತಿಲ್ಲ. ಈ ಔಷಧದ ಅತಿಬಳಕೆ ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದಕ್ಕೆ ಅದು ಕಣ್ಣೆದುರಿನ ಸಾಕ್ಷಿ. ಸರಿಯಾಗಿ ಕೊಟ್ಟ ಮೇಲೂ ಎರಡು ಮೂರು ದಿನದಲ್ಲಿ ಜ್ವರ ಇಳಿಯದಿದ್ದರೆ ವೈದ್ಯರು ಡಾಕ್ಸಿಸೈಕ್ಲಿನ್‌ಗೆ ಬದಲಾಯಿಸುವುದುಂಟು. ಹೃದಯಬಡಿತದ ಲಯ ಕೆಟ್ಟವರು ಅಜಿಥ್ರೊಮೈಸಿನ್ ನುಂಗುವ ಮೊದಲು ಅದನ್ನು ವೈದ್ಯರಿಗೆ ಹೇಳಲೇಬೇಕು.

ಲಿವೊಫ್ಲಾಕ್ಸಾಸಿನ್ ವಿಷಯದಲ್ಲಿ ನಮ್ಮ ದೇಶಕ್ಕೆ ಇನ್ನೂ ದೊಡ್ಡ ಎಚ್ಚರ ಬೇಕು. ಅದು ಕ್ಷಯದ ಬ್ಯಾಕ್ಟೀರಿಯಾದ ಮೇಲೂ ಅಷ್ಟಿಷ್ಟು ಕೆಲಸ ಮಾಡುತ್ತದೆ. ಶ್ವಾಸಕೋಶದ ಕ್ಷಯ ಇರುವವರಿಗೆ ಅದನ್ನು ಒಂದು ವಾರ ಕೊಟ್ಟರೆ ಜ್ವರ ಕೆಮ್ಮು ತಗ್ಗುತ್ತದೆ, ಕಫದಲ್ಲಿ ಕ್ಷಯ ಸಿಗುವುದು ಕಷ್ಟವಾಗುತ್ತದೆ, ತಿಂಗಳ ನಂತರ ಕಾಯಿಲೆ ಮತ್ತೆ ಏಳುತ್ತದೆ. ಅಷ್ಟರಲ್ಲಿ ಮನೆಯವರಿಗೆಲ್ಲ ಹಂಚಿಯಾಗಿರುತ್ತದೆ. ಎರಡು ವಾರ ದಾಟಿದ ಕೆಮ್ಮಿಗೆ ಈ ಮಾತ್ರೆ ನುಂಗುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಮಾಡುವ ಕಫ ಪರೀಕ್ಷೆ ಆಗಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಲಿವೊಫ್ಲಾಕ್ಸಾಸಿನ್ ಇವೆಲ್ಲ 2014ರಿಂದ ಎಚ್‌-1 ಪಟ್ಟಿಯಲ್ಲಿವೆ. ಚೀಟಿಯಿಲ್ಲದೆ ಮಾರುವಂತಿಲ್ಲ, ರೋಗಿಯ ಹೆಸರು, ವೈದ್ಯರ ಹೆಸರು ಪುಸ್ತಕದಲ್ಲಿ ಬರೆಯಬೇಕು. ಔಷಧದ ಪಟ್ಟಿಯ ಮೇಲಿನ ಕೆಂಪು ಚೌಕಟ್ಟಿನ ಎಚ್ಚರಿಕೆ ಅದಕ್ಕಾಗಿಯೇ ಇದೆ. ಕಾನೂನು ಅಂಗಡಿಯವರಿಗೆ ಹೇಳುವ ಮಾತನ್ನು ಮನೆಯವರೂ ಪಾಲಿಸಿದರೆ ಸಾಕು.

ಕೆಮ್ಮಿನ ಜೊತೆ ಜ್ವರವಿದ್ದು, ಕೊಟ್ಟ ಔಷಧಕ್ಕೆ ಮೂರು ದಿನದಲ್ಲಿ ಬಗ್ಗದಿದ್ದರೆ ಅಂಗಡಿಗಲ್ಲ, ಅದೇ ವೈದ್ಯರ ಬಳಿಗೆ ಹೋಗಿ. ಈವರೆಗೆ ನುಂಗಿದ ಎಲ್ಲ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ಮನೆಯಲ್ಲಿ ಯಾರಿಗೆ ಯಾವಾಗ ಕೆಮ್ಮು ಬಂದಿತ್ತು, ಈಚೆಗೆ ಎಲ್ಲಿ ತಂಗಿದ್ದಿರಿ, ಏನು ಕೆಲಸ ಮಾಡುತ್ತೀರಿ ಎಂಬುದನ್ನು ಕೇಳದಿದ್ದರೂ ಹೇಳಿ. ‘ಇನ್ನೂ ಪವರ್ ಇರೋದು ಕೊಡಿ’ ಎನ್ನುವ ಬದಲು ‘ಡಾಕ್ಟ್ರೇ, ಇದು ಬೇರೆ ಥರದ ನ್ಯುಮೋನಿಯಾ ಇರಬಹುದಾ, ಟಿ.ಬಿ. ಪರೀಕ್ಷೆ ಬೇಕಾ?’ ಎಂದು ಕೇಳಿ. ಆದರೆ ದೊಡ್ಡವರು ಕುಳಿತಲ್ಲೇ ನಿಮಿಷಕ್ಕೆ ಮೂವತ್ತು ಸಲ ಉಸಿರಾಡುತ್ತಿದ್ದರೆ, ಮಗುವಿನ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಮಾತು ತೊದಲಿ ಗುರುತು ತಪ್ಪಿದರೆ, ಮೂರು ದಿನ ಕಾಯುವ ಮಾತೇ ಇಲ್ಲ. ಅದೇ ಗಳಿಗೆಯಲ್ಲಿ 108ಕ್ಕೆ ಫೋನು ಮಾಡಿ ಆಸ್ಪತ್ರೆ ಸೇರಿಸಬೇಕು.